ಡಯಾಲಿಸಿಸ್‌ಗೆ ಬರುವವರ ಕಿವಿಯನ್ನೂ ಒಮ್ಮೆ ಪರೀಕ್ಷಿಸಿ: ಕೊಡಗು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ನಮ್ಮ ಚಿಕ್ಕಮ್ಮನಿಗೆ 54 ವರ್ಷ. ಮನೆ ಶನಿವಾರಸಂತೆ ಹತ್ತಿರ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋಗಿ ಎರಡು ವರ್ಷದಿಂದ ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸುತ್ತಿದ್ದಾರೆ. ಹೋದ ಮಳೆಗಾಲದಲ್ಲಿ ಮನೆಯವರು ಏನು ಹೇಳಿದರೂ "ಆಂ?" ಅನ್ನಲು ಶುರು ಮಾಡಿದರು. ಹೆಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಯಾರಿಗೂ ಸರಿಯಾಗಿ ಕೇಳಿಸಲ್ಲ ಅಂತ ನಾವು ಸುಮ್ನಿದ್ದೆವು. ಮಳೆ ನಿಂತ ಮೇಲೂ ಅದೇ ಕಥೆ. "ಸಾರು ಬೇಕಾ" ಅಂದರೆ "ಯಾರು ಬೇಕು?" ಅನ್ನುತ್ತಿದ್ದರು.

ಒಂದು ದಿನ ಡಯಾಲಿಸಿಸ್ ಯಂತ್ರದ ಮೇಲಿದ್ದಾಗಲೇ ಅವರ ಬಿಪಿ ಇಳಿದು ಕಣ್ಣು ಕತ್ತಲೆ ಬಂತು. ಡಯಾಲಿಸಿಸ್ ದಿನ ಬೆಳಗ್ಗೆ ಬಿಪಿ ಮಾತ್ರೆ ಬೇಡ ಅಂತ ನರ್ಸ್ ಹಿಂದಿನ ವಾರವೇ ಹೇಳಿದ್ದರು. ಚಿಕ್ಕಮ್ಮ ತಲೆಯನ್ನೂ ಆಡಿಸಿದ್ದರು. ಆದರೆ ನರ್ಸ್ ಮಾಸ್ಕ್ ಹಾಕಿದ್ದರು, ತುಟಿ ಕಾಣಿಸಲಿಲ್ಲ, ಮಾತು ಕೇಳಿಸಲಿಲ್ಲ. ಅರ್ಥವಾಗದಿದ್ದರೂ ತಲೆಯಾಡಿಸುವುದು ಆಗಲೇ ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿದೆವು. ದಪ್ಪ ಸ್ವರಗಳು 35 ಡೆಸಿಬಲ್‌ಗೆ ಕೇಳುತ್ತಿದ್ದವು. 4000 ಹರ್ಟ್ಸ್‌ನಂಥ ಕೀರಲು ಸ್ವರಕ್ಕೆ 65 ಡೆಸಿಬಲ್ ಬೇಕಾಯಿತು. ಸ, ಶ, ತ ಇಂಥ ಅಕ್ಷರಗಳ ಗುರುತು ಇರುವುದೇ ಈ ಎತ್ತರದ ಸ್ವರಗಳಲ್ಲಿ. ಅದಕ್ಕೇ ಸದ್ದು ಕೇಳುತ್ತದೆ, ಮಾತು ಬಿಡಿಸಿಕೊಳ್ಳಲು ಆಗುವುದಿಲ್ಲ. ಜೋರಾಗಿ ಕಿರುಚಿದರೂ ಪ್ರಯೋಜನವಿಲ್ಲ.

ಕಿಡ್ನಿಗೂ ಕಿವಿಗೂ ಏನು ಸಂಬಂಧ ಅಂತ ನನಗೂ ಅನಿಸಿತ್ತು. ಒಳಗಿವಿಯಲ್ಲಿ ಸಣ್ಣ ರಕ್ತನಾಳಗಳು ತುಂಬಿದ ಒಂದು ಪಟ್ಟಿ ಇದೆ. ಅದು ಹಗಲೂ ರಾತ್ರಿ ಲವಣಗಳನ್ನು ಪಂಪ್ ಮಾಡಿ ಒಳಗಿನ ದ್ರವವನ್ನು ಹದದಲ್ಲಿ ಇಡುತ್ತದೆ. ಕಿಡ್ನಿ ಮಾಡುವುದೂ ಹೆಚ್ಚುಕಡಿಮೆ ಇಂಥದ್ದೇ ಕೆಲಸ. ಹಾಗಾಗಿ ಒಂದನ್ನು ಹಾಳು ಮಾಡುವುದು ಇನ್ನೊಂದನ್ನೂ ಹಾಳು ಮಾಡಬಹುದು. ಕೆಲವು ಔಷಧಿಗಳದ್ದೂ ಇದೇ ಕಥೆ. ಚಿಕ್ಕಮ್ಮನಿಗೆ ಡಯಾಲಿಸಿಸ್ ನಳಿಕೆಯಿಂದ ಸೋಂಕಾಗಿ ಜ್ವರ ಬಂದಾಗ ಒಂದು ಆಸ್ಪತ್ರೆಯಲ್ಲಿ ಅಮಿಕಾಸಿನ್ ಇಂಜೆಕ್ಷನ್ ಕೊಟ್ಟಿದ್ದರು. ಅದು ದೇಹದಿಂದ ಹೊರಗೆ ಹೋಗಬೇಕಾದ್ದೇ ಕಿಡ್ನಿಯ ಮೂಲಕ. ಕಿಡ್ನಿ ಸೋತವರಲ್ಲಿ ಅದು ಜಾಸ್ತಿ ದಿನ ಉಳಿದು ಒಳಗಿವಿಯ ಜೀವಕೋಶಗಳನ್ನು ಕೊಲ್ಲಬಹುದು. ಜೀವ ಉಳಿಸಲು ಆ ಔಷಧಿ ಬೇಕಾಗುವ ಸಂದರ್ಭ ಇದ್ದೇ ಇರುತ್ತದೆ. ಆದರೆ ಕಿವಿಯ ಮೇಲೆ ಕಣ್ಣಿಡಿ ಅಂತ ನಮಗೆ ಯಾರೂ ಹೇಳಲಿಲ್ಲ.

ಮೈಸೂರಿನಿಂದ ಬಂದ ಮೇಲೆ ಬೇರೆ ಡಾಕ್ಟರೊಬ್ಬರು ರಕ್ತವನ್ನೂ ನೋಡಿದರು. ಹಿಮೋಗ್ಲೋಬಿನ್ 7.4 ಇತ್ತು. ಹೆಂಗಸರಿಗೆ 12ಕ್ಕಿಂತ ಕಮ್ಮಿಯಿದ್ದರೆ ರಕ್ತಹೀನತೆ. ರಕ್ತ ಹುಟ್ಟಿಸಲು ಬೇಕಾದ ಹಾರ್ಮೋನ್ ತಯಾರಿಸುವುದು ಕಿಡ್ನಿಯೇ. ಅದು ಸೋತಾಗ ರಕ್ತವೂ ಕಮ್ಮಿಯಾಗುತ್ತದೆ. ಒಳಗಿವಿಗೆ ರಕ್ತ ತರುವುದು ಒಂದೇ ಸಣ್ಣ ನಾಳ, ಬದಲಿ ದಾರಿ ಇಲ್ಲ. ಟಿಎಸ್‌ಎಚ್ ಕೂಡ 18 ಇತ್ತು, ಅಂದರೆ ಥೈರಾಯ್ಡ್ ಮಂದವಾಗಿತ್ತು. ಸುಸ್ತು, ಚಳಿ, ಒಡಕು ದನಿ ಎಲ್ಲವನ್ನೂ ನಾವು ಕಿಡ್ನಿಯ ಲೆಕ್ಕಕ್ಕೇ ಹಾಕಿಬಿಟ್ಟಿದ್ದೆವು. ಥೈರಾಯ್ಡ್ ಕಮ್ಮಿಯಾದರೂ ಕಿವಿ ಮಂದವಾಗಬಹುದು ಅಂತ ಗೊತ್ತಿರಲಿಲ್ಲ.

ಕಬ್ಬಿಣದ ಇಂಜೆಕ್ಷನ್, ರಕ್ತ ಹೆಚ್ಚಿಸುವ ಇಂಜೆಕ್ಷನ್, ಥೈರಾಯ್ಡ್ ಮಾತ್ರೆ ಶುರುವಾದವು. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಕಿಡ್ನಿ ರೋಗಿಗಳಿಗೆ ಕೊಡುವ ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು, ಇಲ್ಲದಿದ್ದರೆ ಮೈಗೆ ಹತ್ತುವುದಿಲ್ಲ. ಐದು ತಿಂಗಳಲ್ಲಿ ಹಿಮೋಗ್ಲೋಬಿನ್ 10 ದಾಟಿತು. ದಪ್ಪ ಸ್ವರಗಳ ಕೇಳುವಿಕೆ 25ಕ್ಕೆ ಸುಧಾರಿಸಿತು. 4000 ಹರ್ಟ್ಸ್ ಮಾತ್ರ 65ರಲ್ಲೇ ನಿಂತಿದೆ. ಒಳಗಿವಿಯಲ್ಲಿ ಸತ್ತ ಜೀವಕೋಶ ಮತ್ತೆ ಹುಟ್ಟುವುದಿಲ್ಲ. ಈಗ ಶ್ರವಣ ಯಂತ್ರ ಹಾಕಿಕೊಂಡಿದ್ದಾರೆ. ಯಾವ ಕಾರಣದ ಪಾಲು ಎಷ್ಟು ಅಂತ ಡಾಕ್ಟರ್‌ಗೂ ಬಿಡಿಸಿ ಹೇಳಲಾಗಲಿಲ್ಲ. ಡಯಾಲಿಸಿಸ್ ಶುರುವಾದ ದಿನದ ಕಿವಿ ಪರೀಕ್ಷೆಯ ಕಾಗದವೇ ನಮ್ಮ ಹತ್ತಿರ ಇರಲಿಲ್ಲ. ಯಾವುದಕ್ಕೆ ಹೋಲಿಸುವುದು?

ಅದಕ್ಕೇ ಕೇಳುತ್ತಿದ್ದೇನೆ. ಜಿಲ್ಲೆಯಲ್ಲಿ ಡಯಾಲಿಸಿಸ್ ಶುರುಮಾಡುವ ಪ್ರತಿಯೊಬ್ಬರಿಗೂ ಮೊದಲ ತಿಂಗಳಲ್ಲೇ ಒಂದು ಆಡಿಯೋಮೆಟ್ರಿ ಮಾಡಿಸಿ, 8000 ಹರ್ಟ್ಸ್‌ವರೆಗೆ. ಆಮೇಲೆ ವರ್ಷಕ್ಕೊಮ್ಮೆ ಸಾಕು. ಅಮಿಕಾಸಿನ್, ಜೆಂಟಾಮೈಸಿನ್ ಕೊಡಬೇಕಾದವರಿಗೆ ಮಾತ್ರ ಕೋರ್ಸ್‌ನ ಮುಂಚೆ ಒಮ್ಮೆ, ನಂತರ ಒಮ್ಮೆ. ಕಿವಿ ಮಂದ ಅಂತ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವವರಿಗೆ ವಯಸ್ಸಾಯ್ತು ಅಂತ ಹೇಳಿ ಕಳಿಸುವ ಮೊದಲು ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಟಿಎಸ್‌ಎಚ್ ನೋಡಲಿ. ಎರಡು ಮೂರು ದಿನದೊಳಗೆ ಒಂದು ಕಿವಿ ಪೂರ್ತಿ ಮಂದವಾಯಿತು ಅಂದವರನ್ನು ಮಾತ್ರ ಯಾವ ರಿಪೋರ್ಟಿಗೂ ಕಾಯಿಸದೆ ಅವತ್ತೇ ಕಿವಿ ಡಾಕ್ಟರ ಹತ್ತಿರ ಕಳಿಸಬೇಕು. ಅದರ ಚಿಕಿತ್ಸೆ ಹೆಚ್ಚು ಫಲ ಕೊಡುವುದು ಮೊದಲ ಎರಡು ವಾರದಲ್ಲೇ.

ಇನ್ನೊಂದು ಮಾತು. ವಾರದಲ್ಲಿ ಎರಡು ದಿನ ಡಯಾಲಿಸಿಸ್‌ಗೆ ಹೋಗುವವರು, ಮರುದಿನ ಎದ್ದು ಕೂರಲೂ ಆಗದವರು, ಕಿವಿ ಪರೀಕ್ಷೆಗೆ ಮೈಸೂರಿನವರೆಗೆ ಬಸ್ಸಿನಲ್ಲಿ ಹೋಗಿಬರುವುದು ಎಷ್ಟು ಕಷ್ಟ ಅಂತ ನಾನು ಪಕ್ಕದ ಸೀಟಿನಲ್ಲಿ ಕೂತು ನೋಡಿದ್ದೇನೆ. ಡಯಾಲಿಸಿಸ್‌ಗೆ ಬಂದ ದಿನವೇ, ಅದೇ ಆವರಣದಲ್ಲಿ, ಯಂತ್ರಕ್ಕೆ ಹಾಕುವ ಮುಂಚಿನ ಅರ್ಧ ಗಂಟೆಯಲ್ಲಿ ಈ ಪರೀಕ್ಷೆ ಆಗುವಂತೆ ಮಾಡಿಕೊಡಿ.

ಇಂತಿ,
ಶನಿವಾರಸಂತೆಯ ಒಬ್ಬ ಶಾಲಾ ಶಿಕ್ಷಕಿ