ಅಪ್ಪನ ಬೆನ್ನು ನೋಡಮ್ಮ

ಸ್ಟಟ್‌ಗಾರ್ಟ್
ಭಾನುವಾರ

ಪ್ರೀತಿಯ ಅಮ್ಮನಿಗೆ ವೀಣಾ ಮಾಡುವ ನಮಸ್ಕಾರಗಳು.

ನಾವು ಮೂವರೂ ಕ್ಷೇಮ. ಇಲ್ಲಿ ಚಳಿ ಶುರುವಾಗಿದೆ. ನಿನ್ನ ಪತ್ರದ ಫೋಟೋ ತೆಗೆದು ಸುಮಾ ನಿನ್ನೆ ಕಳಿಸಿದಳು. ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಅನ್ನುತ್ತೀಯ, ಪತ್ರದಲ್ಲಿ ಮಾತ್ರ ನಿಜ ಬರೆದಿದ್ದೀಯ. ಸ್ಟ್ರೋಕ್ ಆಗಿ ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳುವ ಆ ಹುಡುಗಿ ಪಕ್ಕದಲ್ಲೇ ಇರುವಾಗ ನೀನಾದರೂ ಹೇಗೆ ಹೇಳುತ್ತೀಯ. ಅದಕ್ಕೇ ನಾನೂ ಬರೆದು ಕಳಿಸುತ್ತಿದ್ದೇನೆ. ಚಿಕ್ಕಪ್ಪನ ಗೃಹಪ್ರವೇಶದ ವಿಷಯ, ತೋಟದ ವಿಷಯ ಎಲ್ಲ ಓದಿದೆ, ಸಂತೋಷ. ಆದರೆ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ, ಅಪ್ಪನ ಸೊಂಟದ ಕೆಳಗೆ ನಾಣ್ಯದಷ್ಟು ಅಗಲ ಕೆಂಪಾಗಿದೆ, ಆ ಹುಡುಗಿ ಪೌಡರ್ ಹಾಕಿ ತಿಕ್ಕುತ್ತಾಳೆ, ಏನೂ ಇಲ್ಲ ಅಂತಾಳೆ ಅಂತ, ಅದನ್ನು ಓದಿದ ಮೇಲೆ ನನಗೆ ನಿದ್ದೆ ಬಂದಿಲ್ಲ.

ಮೊದಲು ಇದೊಂದು ಮಾಡು. ಅಪ್ಪನನ್ನು ಮಗ್ಗುಲಿಗೆ ಮಲಗಿಸಿ, ಆ ಕೆಂಪು ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡು. ಬಿಟ್ಟ ತಕ್ಷಣ ಬಿಳಿಚಿಕೊಂಡು ಮತ್ತೆ ಕೆಂಪಾದರೆ ಅಲ್ಲಿ ರಕ್ತ ಓಡಾಡುತ್ತಿದೆ ಅಂತ ಅರ್ಥ. ಭಾರ ತಪ್ಪಿಸಿದರೆ ತಾನಾಗಿ ಹೋಗುತ್ತದೆ. ಒತ್ತಿದರೂ ಕೆಂಪಾಗೇ ಉಳಿದರೆ ಚರ್ಮದ ಒಳಗೆ ಹಾಸಿಗೆ ಹುಣ್ಣು ಶುರುವಾಗಿದೆ ಅಂತ ತಿಳಿ. ಅಪ್ಪನ ಮೈಬಣ್ಣಕ್ಕೆ ಇದು ಸರಿಯಾಗಿ ಕಾಣದೇ ಇರಬಹುದು, ಸ್ವಲ್ಪ ಕಪ್ಪಗೆ ಅಥವಾ ನೇರಳೆ ಥರ ಕಾಣಬಹುದು. ಆದ್ದರಿಂದ ಅಂಗೈಯ ಹಿಂಭಾಗ ಇಟ್ಟು ನೋಡು. ಪಕ್ಕದ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ, ಮುಟ್ಟಿದರೆ ಅಪ್ಪ ಮುಖ ಹಿಂಡುತ್ತಾರಾ? ಹಿಮ್ಮಡಿಗಳನ್ನೂ ಹೀಗೇ ನೋಡು. ಎಡಗಾಲಿನ ಹಿಮ್ಮಡಿ ಮುಖ್ಯ, ಆ ಕಾಲನ್ನು ಅವರು ತಾವಾಗಿ ಅಲ್ಲಾಡಿಸುವುದೇ ಇಲ್ಲವಲ್ಲ.

ತಿಕ್ಕುವುದನ್ನು ಇವತ್ತೇ ನಿಲ್ಲಿಸಬೇಕು. ಆ ಹುಡುಗಿ ಒಳ್ಳೇ ಮನಸ್ಸಿನಿಂದಲೇ ತಿಕ್ಕುತ್ತಿದ್ದಾಳೆ, ಬೈಯಬೇಡ. ಆದರೆ ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿ ಆಗಲೇ ನೊಂದಿರುವ ಚರ್ಮ ಅದು, ತಿಕ್ಕಿದರೆ ಒಳಗೆ ಇನ್ನೂ ಹರಿದುಹೋಗುತ್ತದೆ. ಪೌಡರ್ ಕೂಡ ಬೇಡ, ಒದ್ದೆಯಲ್ಲಿ ಗಂಟು ಕಟ್ಟಿ ಮರಳಿನ ಹಾಗೆ ಉಜ್ಜುತ್ತದೆ. ಡೈಪರ್ ಒದ್ದೆಯಾದ ತಕ್ಷಣ ತೆಗೆದು, ನೀರಿನಿಂದ ತೊಳೆದು, ಒತ್ತಿ ಒರೆಸಿ, ಜಿಂಕ್ ಆಕ್ಸೈಡ್ ಕ್ರೀಮ್ ತೆಳ್ಳಗೆ ಹಚ್ಚಿದರೆ ಸಾಕು. ಸೊಂಟದ ಕೆಳಗೆ ಇಡಲು ಚಿಕ್ಕಮ್ಮ ಕೊಟ್ಟ ಗಾಳಿ ರಿಂಗನ್ನು ವಾಪಸ್ ಕೊಡು. ನಡುವೆ ಭಾರ ಬೀಳದಿದ್ದರೂ ಸುತ್ತ ಒತ್ತಿ ರಕ್ತ ತಡೆಯುತ್ತದೆ.

ಕೆಂಪು ಪೂರ್ತಿ ಹೋಗುವವರೆಗೆ ಅಪ್ಪ ಬೆನ್ನ ಮೇಲೆ ಮಲಗಬಾರದು. ಎರಡು ಗಂಟೆ ಬಲಮಗ್ಗುಲು, ಎರಡು ಗಂಟೆ ಎಡಮಗ್ಗುಲು. ಪೂರ್ತಿ ಅಡ್ಡ ತಿರುಗಿಸಬೇಡಿ, ಹಾಗೆ ಮಾಡಿದರೆ ಸೊಂಟದ ಪಕ್ಕದ ಮೂಳೆ ಒತ್ತುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಅರೆವಾಸಿ ಓರೆಯಾಗಿಸಿದರೆ ಸಾಕು. ಮಂಡಿಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಇನ್ನೊಂದು, ಹಿಮ್ಮಡಿ ಗಾಳಿಯಲ್ಲಿ ಇರಬೇಕು. ತಿರುಗಿಸುವಾಗ ಎಡಗೈ ಹಿಡಿದು ಎಳೆಯಲೇಬೇಡಿ. ಸ್ಟ್ರೋಕ್ ಆದ ಕೈ, ಭುಜ ಜಾರುತ್ತದೆ. ಹಳೇ ಬೆಡ್‌ಶೀಟನ್ನು ಮಡಿಸಿ ಸೊಂಟದ ಕೆಳಗೆ ಅಡ್ಡ ಹಾಸಿ, ಇಬ್ಬರೂ ಎರಡು ಕಡೆ ಹಿಡಿದು ಎತ್ತಿ ಸರಿಸಿ. ಊಟಕ್ಕೆ ಮಾತ್ರ ಕೂರಿಸಲೇಬೇಕು, ಇಲ್ಲದಿದ್ದರೆ ಗಂಜಿ ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲು ಮಂಡಿಯ ಕೆಳಗೆ ದಿಂಬು, ಆಮೇಲೆ ತಲೆ ಕಡೆ ಎತ್ತು. ಆಗ ಅಪ್ಪ ಕೆಳಗೆ ಜಾರುವುದಿಲ್ಲ. ಆ ಜಾರುವಿಕೆಯೇ ಚರ್ಮ ಉಜ್ಜಿ ಹಾಕುವುದು. ಊಟ ಆಗಿ ಅರ್ಧ ಮುಕ್ಕಾಲು ಗಂಟೆ ಕೂತಿರಲಿ, ಆಮೇಲೆ ಮತ್ತೆ ಮಗ್ಗುಲಿಗೆ.

ಇನ್ನು ಫೋಟೋ ವಿಷಯ. ಆ ಹುಡುಗಿಯನ್ನು ಕೆಲಸಕ್ಕೆ ಕಳಿಸಿದ ಏಜೆನ್ಸಿಯವರು ನನಗೆ ದಿನಾ ಬೆಳಿಗ್ಗೆ ಫೋಟೋ ಕಳಿಸುತ್ತಾರೆ. ಅಪ್ಪ ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿ, ದಿಂಬಿಗೆ ಒರಗಿ ಕೂತಿರುತ್ತಾರೆ. ನೋಡಿದರೆ ಖುಷಿಯಾಗುತ್ತದೆ. ಆದರೆ ಹುಣ್ಣು ಆಗುವುದು ಬೆನ್ನಿನ ಕಡೆ, ಅದರ ಫೋಟೋ ಯಾರೂ ಕಳಿಸುವುದಿಲ್ಲ. ದುಡ್ಡು ಕೊಡುವವಳು ನಾನು, ಆದ್ದರಿಂದ ವರದಿಯೆಲ್ಲ ನನಗಾಗಿಯೇ ತಯಾರಾಗುತ್ತದೆ. ನಿನ್ನೆ ರಾತ್ರಿ ಏಜೆನ್ಸಿಯ ಆ್ಯಪ್ ತೆಗೆದು ಹಿಂದಿನ ದಿನಗಳದ್ದೆಲ್ಲ ನೋಡಿದೆ. ರಾತ್ರಿ 12ಕ್ಕೆ, 2ಕ್ಕೆ, 4ಕ್ಕೆ ಮಗ್ಗುಲು ಬದಲಿಸಿದ್ದಾಗಿ ಒಂದೂ ತಪ್ಪದೆ ಗುರುತು ಬಿದ್ದಿದೆ. ಆದರೆ ಗುರುತು ಹಾಕಿದ ಸಮಯ ಕೆಳಗೆ ಸಣ್ಣದಾಗಿ ಬರುತ್ತದೆ. ಎಲ್ಲವೂ ಬೆಳಿಗ್ಗೆ 6:40ಕ್ಕೆ ಒಟ್ಟಿಗೆ ಹಾಕಿದ್ದು. ಯಾವ ಮಗ್ಗುಲು ಅಂತಲೂ ಇಲ್ಲ. ನೀನೂ ಬರೆದಿದ್ದೀಯ, ರಾತ್ರಿ ಅವಳು ಹಾಲಿನಲ್ಲಿ ಚಾಪೆ ಹಾಕಿ ಮಲಗುತ್ತಾಳೆ, ಎಬ್ಬಿಸಲು ಪಾಪ ಅನಿಸುತ್ತದೆ ಅಂತ.

ಅವಳ ತಪ್ಪು ಅಲ್ಲಮ್ಮ ಇದು. ಜಾಹೀರಾತಿನಲ್ಲಿ 24 ಗಂಟೆ ಸೇವೆ ಅಂತ ಇರುತ್ತದೆ. ಅದರ ಅರ್ಥ ಒಬ್ಬಳು ಮನೆಯಲ್ಲೇ ಇರುತ್ತಾಳೆ ಅಂತ, 24 ಗಂಟೆ ಎಚ್ಚರ ಇರುತ್ತಾಳೆ ಅಂತ ಅಲ್ಲ. ಯಾವ ಮನುಷ್ಯರಿಗೂ ಅದು ಆಗುವುದಿಲ್ಲ. ಎದ್ದು ಓಡಾಡುವ ವಯಸ್ಸಾದವರಿಗೆ ಅಂಥ ಒಬ್ಬಳು ಸಾಕು. ತಾನಾಗಿ ಮಗ್ಗುಲು ತಿರುಗಲಾರದ ಅಪ್ಪನಂಥವರಿಗೆ ಸಾಲದು. ಅವರಿಗೆ 12 ಗಂಟೆಯ ಎರಡು ಪಾಳಿ ಬೇಕು. ಆದ್ದರಿಂದ ಹೀಗೆ ಮಾಡೋಣ. ಈ ಹುಡುಗಿ ಬೆಳಿಗ್ಗೆ 8ರಿಂದ ರಾತ್ರಿ 8, ಇನ್ನೊಬ್ಬರು ರಾತ್ರಿ 8ರಿಂದ ಬೆಳಿಗ್ಗೆ 8. ರಾತ್ರಿಯವರು ಹಗಲು ಬೇರೆ ಮನೆಯಲ್ಲಿ ಡ್ಯೂಟಿ ಮಾಡಿ ಬರಬಾರದು ಅಂತ ನಾನು ಏಜೆನ್ಸಿಗೆ ಬರೆದು ಕೇಳುತ್ತೇನೆ. ಮತ್ತೆ, ಈ ಹುಡುಗಿಯ ಕೈಲಿ ಪಾತ್ರೆ ತೊಳೆಸಬೇಡ, ಅಂಗಳ ಗುಡಿಸಲು ಕಳಿಸಬೇಡ. ಆ ಹೊತ್ತು ಅಪ್ಪನ ಹೊತ್ತು.

ಚಿಕ್ಕಪ್ಪ ಕಳಿಸಿದ ಇನ್ನೊಂದು ಜಾಹೀರಾತೂ ನೋಡಿದೆ. ವಿದೇಶದಲ್ಲಿರುವ ಮಕ್ಕಳೇ ಚಿಂತೆ ಬಿಡಿ, ಮನೆಯಲ್ಲೇ ಐಸಿಯು ಮಾಡಿಕೊಡುತ್ತೇವೆ ಅಂತ. ಅಪ್ಪನಿಗೆ ಐಸಿಯು ಬೇಡ. ಮೂಗಿನ ನಳಿಕೆ ಇಲ್ಲ, ಮೂತ್ರದ ನಳಿಕೆ ತೆಗೆದಾಗಿದೆ, ಸಕ್ಕರೆಗೆ ಮಾತ್ರೆ ಇದೆ, ಇಂಜೆಕ್ಷನ್ ಇಲ್ಲ. ಸ್ನಾನ, ಊಟ, ಡೈಪರ್, ಮಗ್ಗುಲು ಇವೆಲ್ಲ ತರಬೇತಿ ಪಡೆದ ಅಟೆಂಡರ್ ಮಾಡುವ ಕೆಲಸ. ನರ್ಸ್ ಬೇಕಾಗುವುದು ಆ ಜಾಗವನ್ನು ನೋಡಿ ಅಳೆಯಲು, ಚರ್ಮ ಕಿತ್ತರೆ ಡ್ರೆಸ್ಸಿಂಗ್ ಮಾಡಲು. ಅದಕ್ಕೆ ಈಗ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ ಬಂದು ಹೋದರೆ ಸಾಕು. ಆದರೆ ಬರುವವರು ನಿಜವಾದ ನರ್ಸ್ ಆಗಿರಬೇಕು. ಬಿಳಿ ಕೋಟು ಹಾಕಿದವರನ್ನೆಲ್ಲ ನಾವು ಸಿಸ್ಟರ್ ಅಂತೀವಿ, ಏಜೆನ್ಸಿಗಳಿಗೂ ಅದು ಅನುಕೂಲ. ಸುಮಾ ಎರಡೇ ಮಾತು ಕೇಳಲಿ. ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಆಗಿದೆಯಾ? ಕರ್ನಾಟಕ ಸ್ಟೇಟ್ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ನಂಬರ್ ಎಷ್ಟು? ನರ್ಸ್ ಆದವರು ಕೇಳಿದ ಕೂಡಲೇ ಹೇಳುತ್ತಾರೆ. ಆಮೇಲೆ ಕಳಿಸ್ತೀವಿ ಅಂದರೆ ಬೇಡ ಅನ್ನಲಿ.

ಏರ್ ಬೆಡ್ ಬಾಡಿಗೆಗೆ ತರಲು ಸುಮಾಗೆ ಹೇಳಿದ್ದೇನೆ. ಅದು ಬಂತು ಅಂತ ಮಗ್ಗುಲು ಬದಲಿಸುವುದನ್ನು ಬಿಡಬೇಡಿ. ಅದರ ಮೇಲೆ ಒಂದೇ ಒಂದು ತೆಳು ಬೆಡ್‌ಶೀಟ್ ಇರಲಿ. ರೆಕ್ಸಿನ್, ಕಂಬಳಿ ಹಾಸಿದರೆ ಗಾಳಿಯ ಏರಿಳಿತ ಮೈಗೆ ತಾಗುವುದೇ ಇಲ್ಲ. ಅಪ್ಪ ಮಲಗಿರುವಾಗ ಏರ್ ಬೆಡ್ಡಿನ ಅಡಿಗೆ, ಅವರ ಸೊಂಟದ ನೇರಕ್ಕೆ ಅಂಗೈ ತೂರಿಸಿ ನೋಡು. ಅವರ ಮೂಳೆ ಕೈಗೆ ಸಿಕ್ಕರೆ ಗಾಳಿ ಸಾಲದು. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಅದನ್ನು ಯುಪಿಎಸ್ ಇರುವ ಪ್ಲಗ್ಗಿಗೇ ಹಾಕಿಸು.

ಒಂದು ನೋಟ್‌ಬುಕ್ ಅಪ್ಪನ ತಲೆದಿಂಬಿನ ಪಕ್ಕ ಇಡು. ಗಂಟೆ, ಯಾವ ಮಗ್ಗುಲು, ಚರ್ಮ ಹೇಗಿದೆ, ತಿರುಗಿಸಿದವರ ಸಹಿ. ತಿರುಗಿಸಿದ ಕೂಡಲೇ ಬರೆಯಬೇಕು. ಇಲ್ಲಿ ನಾವು ನರ್ಸುಗಳು ಹೋಗುವ ಪ್ರತಿ ಮನೆಯಲ್ಲೂ ಇಂಥದೊಂದು ಫೈಲ್ ಇರುತ್ತದೆ. ಇಲ್ಲಿನ ಒಂದು ವಿಚಿತ್ರ ಹೇಳುತ್ತೇನೆ ಕೇಳು. ಬೆಳಿಗ್ಗೆ 6 ಗಂಟೆಗೆ ಪುಟ್ಟ ಕಾರು ತೆಗೆದುಕೊಂಡು ಹೊರಡುತ್ತೇನಲ್ಲ, ಕೆಲವು ಮನೆಗಳಿಗೆ ನಾನು ಹೋಗುವುದು ಅಜ್ಜಿಯ ಕಾಲಿಗೆ ಬಿಗಿ ಸಾಕ್ಸ್ ಹಾಕುವುದಕ್ಕೆ ಮಾತ್ರ! ಸಂಜೆ ಅದನ್ನು ಬಿಚ್ಚಲು ಇನ್ನೊಬ್ಬರು ಕಾರಿನಲ್ಲಿ ಬರುತ್ತಾರೆ. ಡಾಕ್ಟರು ಚೀಟಿ ಬರೆದುಕೊಟ್ಟಿರುತ್ತಾರೆ, ಇನ್ಶೂರೆನ್ಸ್ ದುಡ್ಡು ಕೊಡುತ್ತದೆ. ಕೇಳಿದರೆ ನಗು ಬರುತ್ತದೆ, ಆದರೆ ಆ ಐದು ನಿಮಿಷದಲ್ಲಿ ಕಾಲು, ಹಿಮ್ಮಡಿ ಎಲ್ಲ ನೋಡಿ ಫೈಲಿನಲ್ಲಿ ಬರೆದೇ ಬರುತ್ತೇವೆ. ಮಗಳೇ ನರ್ಸ್, ಅಪ್ಪನಿಗೆ ಮಾತ್ರ ಬೇರೆಯವರು ಅಂತ ಚಿಕ್ಕಮ್ಮ ಅಂದರಂತೆ. ಅನ್ನಲಿ ಬಿಡು. ನಾನು ಕಲಿತದ್ದನ್ನೇ ಈಗ ಅಪ್ಪನಿಗಾಗಿ ಬರೆಯುತ್ತಿದ್ದೇನೆ.

ದುಡ್ಡಿನ ಚಿಂತೆ ಮಾಡಬೇಡ. ಎರಡನೇ ಪಾಳಿಯ ಖರ್ಚು ಪೂರ್ತಿ ನನ್ನದು, ರವಿ ಜೊತೆ ಮಾತಾಡಿದ್ದಾಗಿದೆ. ತೋಟದ ದುಡ್ಡು ಮುಟ್ಟಬೇಡ, ಬಳೆಯ ಮಾತಂತೂ ಎತ್ತಲೇಬೇಡ. ಇದು ಎಷ್ಟೋ ತಿಂಗಳಿನ ಖರ್ಚೂ ಅಲ್ಲ. ಕೆಂಪು ಹೋಗಿ, ಫಿಸಿಯೋದವರ ಕೈಲಿ ಅಪ್ಪ ಬಲಗೈಯಿಂದ ಮಂಚದ ಕಂಬಿ ಹಿಡಿದು ತಾವೇ ತಿರುಗಲು ಕಲಿತರೆ, ರಾತ್ರಿ ಪಾಳಿ ಬಿಡಿಸಬಹುದು. ಭಯ ಬೇಡಮ್ಮ. ಚರ್ಮ ಕಿತ್ತಿಲ್ಲ ಅಂತ ಬರೆದಿದ್ದೀಯ. ಚರ್ಮ ಕೀಳದ ಹುಣ್ಣು ಭಾರ ತಪ್ಪಿಸಿದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಎಷ್ಟೋ ಜನರದ್ದು ವಾಸಿಯಾಗಿದ್ದನ್ನು ನಾನೇ ನೋಡಿದ್ದೇನೆ, ಅಪ್ಪನದ್ದೂ ಆಗುತ್ತದೆ. ಗುಳ್ಳೆ ಎದ್ದರೆ, ಚರ್ಮ ಸುಲಿದರೆ, ಈಗಿರುವುದಕ್ಕಿಂತ ಕಪ್ಪಾದರೆ, ವಾಸನೆ ಬಂದರೆ ಅಥವಾ ಜ್ವರ ಬಂದರೆ ಮಾತ್ರ ನನ್ನ ಫೋನಿಗೆ ಕಾಯದೆ ಡಾಕ್ಟರಿಗೆ ತೋರಿಸು. ಸಕ್ಕರೆ ಇರುವವರಿಗೆ ಅದು ಬೇಗ ಒಳಗಿಳಿಯುತ್ತದೆ.

ಮಧ್ಯಾಹ್ನದ ಡ್ಯೂಟಿಗೆ ಹೊತ್ತಾಯಿತು, ರವಿ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು, ಬಿಪಿ ಮಾತ್ರೆ ಬಿಡಬೇಡ. ಬೆರಳಿನಿಂದ ಒತ್ತಿ ನೋಡಿದ್ದು ಏನಾಯಿತು ಅಂತ ಸುಮಾ ಇವತ್ತೇ ಮೆಸೇಜ್ ಮಾಡಲಿ, ಆ ಜಾಗದ ಫೋಟೋನೂ ಕಳಿಸಲಿ, ಪಕ್ಕದಲ್ಲಿ ಒಂದು ನಾಣ್ಯ ಹಿಡಿದು ತೆಗೆಯಲು ಹೇಳು, ಅಳತೆ ಗೊತ್ತಾಗುತ್ತದೆ. ಅಪ್ಪನಿಗೆ ನಮಸ್ಕಾರ.

ಇತಿ ನಿನ್ನ
ವೀಣಾ