ಗೋವಿನಜೋಳಕ್ಕೆ ಯೂರಿಯಾ ವಿತರಣೆಯ ಬದಲಾವಣೆ: ಸದಸ್ಯರಿಗೂ ವಿದ್ಯಾರ್ಥಿಗಳಿಗೂ ಪತ್ರ

ಮಾನ್ಯ ಸದಸ್ಯ ರೈತ ಬಾಂಧವರೇ, ಗ್ರಾಮೀಣ ಕೃಷಿ ಅನುಭವಕ್ಕಾಗಿ ನಮ್ಮ ಹಳ್ಳಿಗಳಲ್ಲಿ ತಂಗಿರುವ ಕೃಷಿ ಮಹಾವಿದ್ಯಾಲಯದ ವಿದ್ಯಾರ್ಥಿಗಳೇ,

ಈ ಮುಂಗಾರಿನಿಂದ ನಮ್ಮ ಸಂಘವು ಮಳೆಯಾಶ್ರಿತ ಗೋವಿನಜೋಳಕ್ಕೆ ಬೇಕಾದ ಯೂರಿಯಾವನ್ನು ಬಿತ್ತನೆಯ ಸಮಯದಲ್ಲಿ ಕೊಡದೆ, ಬೆಳೆ ಮೊಣಕಾಲೆತ್ತರಕ್ಕೆ ಬಂದಾಗ ಕೊಡಲಿದೆ. ಬಿತ್ತನೆಗೆ 20:20:0:13 ಮತ್ತು ಪೊಟ್ಯಾಷ್ ಮಾತ್ರ ಸಿಗುತ್ತವೆ. ಇದರಿಂದ ನೀವು ಎರಡು ಬಾರಿ ಸಂಘಕ್ಕೆ ಬಂದು, ಎರಡು ಬಾರಿ ಹೆಬ್ಬೆಟ್ಟು ಒತ್ತಬೇಕಾಗುತ್ತದೆ. ಈ ತೊಂದರೆಗೆ ಕ್ಷಮೆ ಕೋರುತ್ತೇವೆ. ಆದರೆ ಈ ನಿರ್ಧಾರ ಸರಿಯೆಂಬುದರಲ್ಲಿ ನಮಗೆ ಸಂದೇಹವಿಲ್ಲ.

"ಎಕರೆಗೆ ಒಂದೇ ಚೀಲ ಯೂರಿಯಾ ಕೊಟ್ಟು ನಮ್ಮ ಬೆಳೆ ಹಾಳು ಮಾಡುತ್ತೀರಿ" ಎಂಬ ದೂರನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. ಇದಕ್ಕೆ ಲೆಕ್ಕದ ಮೂಲಕವೇ ಉತ್ತರಿಸುತ್ತೇವೆ. ಮಳೆಯಾಶ್ರಿತ ಗೋವಿನಜೋಳಕ್ಕೆ ಶಿಫಾರಸಾಗಿರುವುದು ಹೆಕ್ಟೇರಿಗೆ 100 ಕಿಲೋ ಸಾರಜನಕ, 50 ಕಿಲೋ ರಂಜಕ, 25 ಕಿಲೋ ಪೊಟ್ಯಾಷ್. ಅಂದರೆ ಎಕರೆಗೆ ಸುಮಾರು 40, 20 ಮತ್ತು 10 ಕಿಲೋ. 50 ಕಿಲೋ ತೂಕದ ಎರಡು ಚೀಲ 20:20:0:13 ಹಾಕಿದರೆ 20 ಕಿಲೋ ರಂಜಕದ ಜೊತೆಗೆ 20 ಕಿಲೋ ಸಾರಜನಕವೂ ಭೂಮಿಗೆ ಸೇರಿರುತ್ತದೆ. ಉಳಿದ 20 ಕಿಲೋ ಸಾರಜನಕಕ್ಕೆ ಶೇ. 46 ಸಾರಜನಕವಿರುವ ಯೂರಿಯಾ ಸುಮಾರು 43 ಕಿಲೋ ಬೇಕು. ಈಗಿನ ಯೂರಿಯಾ ಚೀಲದ ತೂಕ 45 ಕಿಲೋ. ಹೀಗಾಗಿ ಒಂದು ಚೀಲ ಸಾಕು. ಪೊಟ್ಯಾಷ್ ಗೊಬ್ಬರ 17 ಕಿಲೋ ಸಾಕಾಗುತ್ತದೆ.

ಡಿಎಪಿ ಹಾಕುವವರಿಗೆ ಇದೇ ಲೆಕ್ಕ ಬೇರೆಯಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅಷ್ಟೇ ರಂಜಕಕ್ಕೆ ಡಿಎಪಿ ಸುಮಾರು 43 ಕಿಲೋ ಸಾಕು, ಆದರೆ ಅದರಿಂದ ಸಿಗುವ ಸಾರಜನಕ 8 ಕಿಲೋಗಿಂತ ಕಡಿಮೆ. ಆಗ ಯೂರಿಯಾ 70 ಕಿಲೋ ಬೇಕಾಗುತ್ತದೆ. ಡಿಎಪಿ ಕಾಲದ ಯೂರಿಯಾ ಪ್ರಮಾಣವನ್ನೇ ನೆನಪಿಟ್ಟುಕೊಂಡು, ಗೊಬ್ಬರ ಬದಲಾದ ಮೇಲೂ ಅಷ್ಟನ್ನೇ ಕೇಳುವುದರಿಂದ ಈ ದೂರು ಹುಟ್ಟುತ್ತಿದೆ. ಗೊಬ್ಬರದ ಮೂಲ ಬದಲಾದರೆ ಪ್ರಮಾಣವೂ ಬದಲಾಗಲೇಬೇಕು. ಮೇಲಾಗಿ 20:20:0:13ರ ಎರಡು ಚೀಲಗಳಲ್ಲಿ 13 ಕಿಲೋ ಗಂಧಕವಿದೆ. ಡಿಎಪಿಯಲ್ಲಿ ಅದು ಇಲ್ಲ.

ಯೂರಿಯಾವನ್ನು ತಡಮಾಡಿ ಕೊಡುವುದೇಕೆ? ಮೊದಲ ಮೂರು ವಾರ ಸಸಿಯ ಸಾರಜನಕದ ಅಗತ್ಯ ತೀರ ಕಡಿಮೆ. ಬಿತ್ತನೆಯಲ್ಲಿ ಬಿದ್ದ 20 ಕಿಲೋ ಅದಕ್ಕೆ ಧಾರಾಳವಾಗುತ್ತದೆ. ಸುಮಾರು 30 ದಿನಕ್ಕೆ ಬೆಳೆ ಮೊಣಕಾಲೆತ್ತರವಾದಾಗ ಹೀರಿಕೆ ಜೋರಾಗಿ, ಸೂಲಂಗಿ ಬರುವವರೆಗೂ ಹಾಗೆಯೇ ಸಾಗುತ್ತದೆ. ಅದಕ್ಕೆ ಮೊದಲೇ ಹಾಕಿದ ಸಾರಜನಕವು ನೈಟ್ರೇಟ್ ಆಗಿ ಮಾರ್ಪಟ್ಟು, ಜೋರು ಮಳೆಗೆ ಬೇರಿನ ಕೆಳಗೆ ಇಳಿದುಹೋಗುತ್ತದೆ, ಇಲ್ಲವೇ ನೀರು ನಿಂತ ಕಪ್ಪು ಭೂಮಿಯಲ್ಲಿ ಅನಿಲವಾಗಿ ಗಾಳಿಗೆ ಸೇರುತ್ತದೆ. ಬೇವು ಲೇಪನ ಈ ಮಾರ್ಪಾಡನ್ನು ನಿಧಾನಗೊಳಿಸುತ್ತದೆಯೇ ಹೊರತು ತಡೆಯುವುದಿಲ್ಲ.

ಎಲ್ಲಿ ಹಾಕುತ್ತೀರಿ ಎಂಬುದೂ ಅಷ್ಟೇ ಮುಖ್ಯ. ರಂಜಕ ಮಣ್ಣಿನಲ್ಲಿ ಬಿದ್ದ ಜಾಗದಿಂದ ಹೆಚ್ಚು ಸರಿಯುವುದಿಲ್ಲವಾದ್ದರಿಂದ ಬಿತ್ತನೆಯ ಗೊಬ್ಬರವನ್ನು ಎರಚದೆ, ಕೂರಿಗೆಯಿಂದ ಬೀಜದ ಪಕ್ಕಕ್ಕೆ ಸುಮಾರು 5 ಸೆಂ.ಮೀ. ದೂರ, 5 ಸೆಂ.ಮೀ. ಕೆಳಗೆ ಬೀಳಿಸಿರಿ. ಬೀಜಕ್ಕೆ ತಾಗಿದರೆ ಮೊಳಕೆ ಸುಡುತ್ತದೆ. ಯೂರಿಯಾವನ್ನು ಸಾಲಿನ ಪಕ್ಕದಲ್ಲಿ ಹಸಿ ಮಣ್ಣಿಗೆ ಹಾಕಿ, ಅದೇ ದಿನ ಎಡೆಕುಂಟೆ ಹೊಡೆದು ಮುಚ್ಚಿರಿ. ಕ್ಷಾರಗುಣದ ಕಪ್ಪು ಮಣ್ಣಿನ ಮೇಲೆ ಬಯಲಾಗಿ ಉಳಿದ ಯೂರಿಯಾ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮಳೆ ಬಾರದಿದ್ದರೆ ಒಣ ಮಣ್ಣಿಗೆ ಹಾಕದೆ ಕಾಯಿರಿ. ಚೀಲ ನಿಮ್ಮ ಹೆಸರಿನಲ್ಲಿ ನಮ್ಮ ಗೋದಾಮಿನಲ್ಲಿ ಇರುತ್ತದೆ, ಅದನ್ನು ಬೇರೆಯವರಿಗೆ ಕೊಡುವುದಿಲ್ಲ.

ಯೂರಿಯಾಕ್ಕೆ ಹೆಚ್ಚು ಬೆಲೆ ಪಡೆಯುತ್ತೇವೆ ಎಂದು ನಮ್ಮ ಮೇಲೆ ಬಂದಿರುವ ಆರೋಪ ನಮಗೆ ನೋವು ತಂದಿದೆ. ಯೂರಿಯಾದ ಗರಿಷ್ಠ ಬೆಲೆಯನ್ನು ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆ. ಚೀಲದ ಮೇಲೆ ಮುದ್ರಿಸಿದ್ದಕ್ಕಿಂತ ಒಂದು ರೂಪಾಯಿಯನ್ನೂ ನಾವು ಹೆಚ್ಚು ಪಡೆದಿಲ್ಲ. ರೈಲು ನಿಲ್ದಾಣದಿಂದ ಬರುವ ಲಾರಿ ಬಾಡಿಗೆಯ ಹೆಚ್ಚಳವನ್ನೂ ಇಳಿಸುವ ಹಮಾಲಿಯನ್ನೂ ಸಂಘವೇ ಭರಿಸುತ್ತಿದೆ. ಎರಡು ಕಂತಿನ ವಿತರಣೆಯಿಂದ ನಮಗೆ ಲಾಭವಿಲ್ಲ, ಗೋದಾಮಿನ ಹೊರೆ ಹೆಚ್ಚುತ್ತದೆ. ಯೂರಿಯಾದ ಜೊತೆ ಬೇಡದ ದ್ರವಗೊಬ್ಬರದ ಡಬ್ಬಿಗಳನ್ನು ಕಟ್ಟಿಕೊಡಬೇಕೆಂದು ಒಬ್ಬ ಸರಬರಾಜುದಾರರು ಒತ್ತಾಯಿಸಿದಾಗ, ಲೋಡ್ ತಡವಾದರೂ ಸರಿ ಎಂದು ನಾವು ಒಪ್ಪಲಿಲ್ಲ. ಈ ಬಗ್ಗೆ ನಮಗೆ ಹೆಮ್ಮೆಯಿದೆ.

ಒಂದು ಚೀಲದ ಲೆಕ್ಕ ಎಲ್ಲ ಹೊಲಗಳಿಗೂ ಅನ್ವಯಿಸುವುದಿಲ್ಲ. ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ಬೇರೆ ಶಿಫಾರಸಿದ್ದರೆ ಅದರಂತೆಯೇ ಕೊಡುತ್ತೇವೆ. ನೀರಾವರಿ ಬೆಳೆಗೆ ಪ್ರಮಾಣವೂ ಕಂತುಗಳೂ ಹೆಚ್ಚು. ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತಿದ್ದರೆ ಅದು ಸಾರಜನಕದ ಕೊರತೆ, ಅಂಚು ಸುಟ್ಟಂತಾದರೆ ಪೊಟ್ಯಾಷ್ ಕೊರತೆ. ಎರಡನೆಯದಕ್ಕೆ ಯೂರಿಯಾ ಪರಿಹಾರವಲ್ಲ. ಅಂಥ ಗಿಡವೊಂದನ್ನು ಬೇರುಸಹಿತ ತಂದು ತೋರಿಸಿರಿ. ನಿಮ್ಮ ಹೊಲದ ಲೆಕ್ಕವನ್ನು ನಿಮ್ಮೆದುರಿಗೇ ಬರೆದು ಕೊಡುತ್ತೇವೆ. ವಿದ್ಯಾರ್ಥಿಗಳೂ ಬಂದು ಆ ಲೆಕ್ಕವನ್ನು ಪರಿಶೀಲಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಆಡಳಿತ ಮಂಡಳಿಯ ಪರವಾಗಿ