ಜಾಹೀರಾತಿಗೆ ಮೊದಲು ಮನೆ ಎಣಿಸು

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಜಾಹೀರಾತಿನ ಕರಡು ಓದಿದೆ. ಚೆನ್ನಾಗಿದೆ, ಆದರೆ ‘ನಗರದ ಎಲ್ಲ ಕಡೆ ಮನೆ ಬಾಗಿಲಿಗೆ ತರಕಾರಿ’ ಅನ್ನುವ ಸಾಲನ್ನು ಮೊದಲು ಹೊಡೆದುಹಾಕು.

ನಿಮ್ಮ ಬೆಳೆಗಾರರ ಸಂಘಕ್ಕಿರುವುದು ಒಂದೇ ವ್ಯಾನು. ನಗರ ಮುಟ್ಟಿದ ಮೇಲೆ ಹಂಚಲು 4 ಗಂಟೆ ಸಿಗುತ್ತದೆ ಅಂತಿಟ್ಟುಕೋ. ಮನೆಗಳು ಚದುರಿದ್ದರೆ, ದಾರಿ ಹುಡುಕಿ, ಗಾಡಿ ನಿಲ್ಲಿಸಿ, ಚೀಲ ಕೊಟ್ಟು ಹೊರಡುವಷ್ಟರಲ್ಲಿ ಮನೆಗೆ 15 ನಿಮಿಷ ಹೋಗುತ್ತದೆ. 16 ಮನೆಗೇ ಹೊತ್ತು ಮುಗಿಯಿತು. ಅದೇ ಒಂದೆರಡು ಬಡಾವಣೆಯಲ್ಲಿ ಒತ್ತೊತ್ತಾಗಿದ್ದರೆ ಮನೆಗೆ 6 ನಿಮಿಷದಂತೆ 40 ಮನೆ ಮುಟ್ಟುತ್ತೀರಿ. ಚಾಲಕನ ಕೂಲಿ ಎರಡಕ್ಕೂ ಒಂದೇ. ಹಾಗಾಗಿ ಬಡಾವಣೆಯ ಹೆಸರು, ಗಾಡಿ ಬರುವ ದಿನ, ಆರ್ಡರ್ ಮುಗಿಯುವ ಹೊತ್ತು, ಈ ಮೂರನ್ನೂ ಜಾಹೀರಾತಿನಲ್ಲೇ ಬರೆ. ಹೊರಗಿನವರು ಕೇಳಿದರೆ ಹೆಸರು ಬರೆದಿಟ್ಟುಕೋ. ಒಂದೇ ಕಡೆಯಿಂದ ಹತ್ತು ಹದಿನೈದು ಮನೆ ಕೂಡಿದ ಮೇಲೆ ಆ ಕಡೆ ಗಾಡಿ ತಿರುಗಿಸಿದರಾಯಿತು. ಒಬ್ಬರ ದಾಕ್ಷಿಣ್ಯಕ್ಕೆ ಊರಾಚೆ ಓಡಿದರೆ ಆಮೇಲಿನ ಹತ್ತು ಮನೆಗೆ ತಡವಾಗುತ್ತದೆ.

40 ಮನೆಗೆ ತಲಾ 5 ಕೆಜಿ ಅಂದರೆ 200 ಕೆಜಿ. ಹೊಲದಲ್ಲಿ ಅಷ್ಟೇ ಬರುವಂತಿದ್ದರೆ 40 ಆರ್ಡರ್ ಹಿಡಿಯಬೇಡ, 30ಕ್ಕೆ ನಿಲ್ಲಿಸು. ಕೊಯ್ಲಿನ ಹಿಂದಿನ ರಾತ್ರಿ ಮಳೆ ಹೊಡೆದರೆ ಸೊಪ್ಪು ಹಾಳಾಗಬಹುದು. ಮಿಕ್ಕಿದ್ದು ಸಗಟು ಮಾರುಕಟ್ಟೆಗೆ ಹೋದರೆ ದೊಡ್ಡ ನಷ್ಟವೇನಿಲ್ಲ. ಆರ್ಡರನ್ನು ಕೊಯ್ಲಿನ ಹಿಂದಿನ ದಿನವೇ ಮುಗಿಸು, ಆಗ ಬೇಕಾದಷ್ಟೇ ಕೊಯ್ಯಬಹುದು.

ಎಷ್ಟು ಎಚ್ಚರ ವಹಿಸಿದರೂ ಒಂದು ವಾರ ಕೊರತೆ ಬಂದೇ ಬರುತ್ತದೆ. ಅದನ್ನು ಬಾಗಿಲಲ್ಲಿ ನಿಂತು ಹೇಳಬೇಡ. ಗಾಡಿ ಹೊರಡುವ ಮುಂಚೆಯೇ ಹೀಗೆ ಬರೆದು ಕಳಿಸು: ‘ಪಾಲಕ್ ಮಳೆಗೆ ಹಾಳಾಗಿದೆ. ಬದಲಿಗೆ ಮೂಲಂಗಿ ಇದೆ. ಬೇಡವಾದರೆ ಹಣ ಈ ಬಿಲ್ಲಿನಲ್ಲೇ ಕಳೆಯುತ್ತೇವೆ.’ ಕೇಳದೆ ಬದಲಿ ತುಂಬುವುದು ನನಗಂತೂ ಸರಿಬೀಳದು. ಜನ ಜಗಳವಾಡುವುದಿಲ್ಲ, ಮುಂದಿನ ವಾರ ಆರ್ಡರ್ ಕೊಡದೆ ಸುಮ್ಮನಾಗುತ್ತಾರೆ. ಜಾಹೀರಾತಿನ ಚಿತ್ರವೂ ನಿಮ್ಮ ಹೊಲದ್ದೇ ಇರಲಿ, ಕಾಯಿ ಸೊಟ್ಟಗಿದ್ದರೆ ಸೊಟ್ಟಗೇ ಕಾಣಲಿ. ಆಮೇಲೆ ಚೀಲ ಬಿಚ್ಚಿದವರಿಗೆ ಮೋಸ ಅನ್ನಿಸುವುದಿಲ್ಲ.

ಹೊಸಬರು ಎಷ್ಟು ಬಂದರು ಅಂತ ಹಿಗ್ಗಬೇಡ. ಒಂದು ಪುಸ್ತಕದಲ್ಲಿ ಪ್ರತಿ ಮನೆಯ ಮೊದಲ ಆರ್ಡರ್ ತಾರೀಕು ಬರೆದು, ತಿಂಗಳೊಳಗೆ ಎರಡನೆಯದು ಬಂತೇ ನೋಡು. 20 ಹೊಸ ಮನೆಯಲ್ಲಿ ನಾಲ್ಕೈದೇ ತಿರುಗಿ ಬಂದರೆ ಜಾಹೀರಾತು ನಿಲ್ಲಿಸಿ, ಬಾರದವರಿಗೆ ಫೋನ್ ಮಾಡು. ಎಷ್ಟೋ ಸಲ ಕಾರಣ ಬೆಲೆಯಲ್ಲ: ಚೀಲ ದೊಡ್ಡದಾಯಿತು, ಇಲ್ಲವೇ ನೀವು ಬರುವ ಹೊತ್ತಿಗೆ ಮನೆಯಲ್ಲಿ ಯಾರೂ ಇರಲಿಲ್ಲ ಅನ್ನುತ್ತಾರೆ. ಮೊದಲನೆಯದಕ್ಕೆ 3 ಕೆಜಿ ಚೀಲ ಮಾಡು. ಎರಡನೆಯದಕ್ಕೆ, ಚೀಲ ಎಲ್ಲಿ ಇಟ್ಟು ಹೋಗಬೇಕು ಅಂತ ಆರ್ಡರ್ ಬರೆದುಕೊಳ್ಳುವಾಗಲೇ ಕೇಳು.

ತಿದ್ದಿದ ಕರಡು ಕಳಿಸು, ನೋಡುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ